ಅಳತೆಯಿಂದ ಶ್ರೇಣಿಗೆ: ಕ್ರಸ್ಕಲ್–ವಾಲಿಸ್ ಪರೀಕ್ಷೆಯ ಚರಿತ್ರೆ ಮತ್ತು ಅದರ ಮೂಲ ಪ್ರಶ್ನೆ

ಮೂರು ಅಥವಾ ಹೆಚ್ಚು ಸ್ವತಂತ್ರ ಗುಂಪುಗಳ ಮಾತನ್ನು ಹೋಲಿಸುವ ಭಾಷಾವಿಜ್ಞಾನದ ಪ್ರಬಂಧಗಳಲ್ಲಿ ‘ದತ್ತಾಂಶ ಸಹಜ ವಿತರಣೆಯದಲ್ಲ, ಆದ್ದರಿಂದ ಕ್ರಸ್ಕಲ್–ವಾಲಿಸ್ ಪರೀಕ್ಷೆ ಬಳಸಿದೆ’ ಎಂಬ ವಾಕ್ಯ ರೂಢಿಯಾಗಿದೆ. ‘ಗುಂಪುಗಳ ಮಧ್ಯಾಂಕಗಳು ಭಿನ್ನ’ ಎಂಬ ತೀರ್ಮಾನ ಅದರ ಬೆನ್ನಿಗೇ ಬರುತ್ತದೆ. ಈ ತೀರ್ಮಾನಕ್ಕೆ ಪರೀಕ್ಷೆಯಲ್ಲಿ ಎಷ್ಟು ಆಧಾರವಿದೆ ಎಂಬುದನ್ನು ಅದರ ಹುಟ್ಟಿನ ಸಂದರ್ಭದಿಂದ ತಿಳಿಯಲು ನಾವು ಇಲ್ಲಿ ಯತ್ನಿಸುತ್ತೇವೆ.

ವಿಲಿಯಂ ಕ್ರಸ್ಕಲ್ ಮತ್ತು ಡಬ್ಲ್ಯು. ಅಲೆನ್ ವಾಲಿಸ್ ಶಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ, 1952ರಲ್ಲಿ, ಈ ಪರೀಕ್ಷೆಯನ್ನು ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. (ಭಾಷಾಕುಟುಂಬಗಳ ಶಬ್ದಸಂಖ್ಯಾಶಾಸ್ತ್ರದಲ್ಲಿ ಕೆಲಸ ಮಾಡಿದ ಜೋಸೆಫ್ ಕ್ರಸ್ಕಲ್ ವಿಲಿಯಂ ಅವರ ತಮ್ಮ.) ಅದಕ್ಕೆ ಮೊದಲೇ ವಿಲ್ಕಾಕ್ಸನ್ 1945ರಲ್ಲಿ, ಮ್ಯಾನ್ ಮತ್ತು ವಿಟ್ನಿ 1947ರಲ್ಲಿ ಎರಡು ಗುಂಪುಗಳಿಗೆ ಶ್ರೇಣಿಯ ವಿಧಾನವನ್ನು ರೂಪಿಸಿದ್ದರು. ಜರ್ಮನಿಯ ಡಾಯ್ಶ್ಲರ್ 1914ರಲ್ಲಿಯೇ ಇದಕ್ಕೆ ಹತ್ತಿರದ ವಿಚಾರವನ್ನು ಮಂಡಿಸಿದ್ದನೆಂದು ತೋರಿಸಿಕೊಟ್ಟವರೂ ಕ್ರಸ್ಕಲ್ ಅವರೇ, 1957ರಲ್ಲಿ. 1937ರ ಫ್ರೀಡ್‌ಮನ್ ಪರೀಕ್ಷೆ ಒಬ್ಬನೇ ವಕ್ತೃ ಎಲ್ಲ ಸಂದರ್ಭಗಳಲ್ಲಿಯೂ ಮಾತನಾಡಿದ ದತ್ತಾಂಶಕ್ಕೆ ಸಲ್ಲುತ್ತಿತ್ತು. ಬೇರೆ ಬೇರೆ ವಕ್ತೃಗಳ ಮೂರು ಗುಂಪುಗಳಿಗೆ ಬೇಕಾದುದನ್ನು 1952ರ ಲೇಖನ ಒದಗಿಸಿತು.

ಅದರ ಶೂನ್ಯ ಪ್ರಾಕ್ಕಲ್ಪನೆಯಲ್ಲಿ ಮಧ್ಯಾಂಕದ ಮಾತಿಲ್ಲ. ಎಲ್ಲ ಮಾದರಿಗಳೂ ಒಂದೇ ಬಗೆಯ ಸಮಷ್ಟಿಯಿಂದ ಬಂದವು ಎಂಬುದೇ ಆ ಪ್ರಾಕ್ಕಲ್ಪನೆ. ಎಲ್ಲ ಅಳತೆಗಳನ್ನೂ ಒಟ್ಟುಗೂಡಿಸಿ ಚಿಕ್ಕದರಿಂದ ದೊಡ್ಡದಕ್ಕೆ 1, 2, 3 ಎಂದು ಶ್ರೇಣಿ ನೀಡಿ, ಪ್ರತಿ ಗುಂಪಿನ ಶ್ರೇಣಿಮೊತ್ತ R ಅನ್ನು ಹೀಗೆ ಬಳಸುತ್ತಾರೆ:

```
H = 12/(N(N+1)) * Σ(R²/n) − 3(N+1)
```

ಒಂದು ಉದಾಹರಣೆಯಿಂದ ಇದನ್ನು ನೋಡಬಹುದು. ಚಿಕ್ಕಮಗಳೂರು ಜಿಲ್ಲೆಯ ಹೊರನಾಡು, ಕಳಸ, ಮೂಡಿಗೆರೆಯ ಕಾಫಿ ಸೀಮೆಯಲ್ಲಿ ಕನ್ನಡ, ತುಳು, ಕೊಂಕಣಿ ಮನೆಮಾತಿನವರು ಒಟ್ಟಿಗೆ ಬದುಕುತ್ತಾರೆ. ಅವರೆಲ್ಲರ ಕನ್ನಡದ ‘ಹತ್ತು’ ಪದದಲ್ಲಿ ದ್ವಿತ್ವ ತಕಾರದ ತಡೆಯ ಅವಧಿಯನ್ನು ಅಳೆದೆವೆಂದು ಭಾವಿಸೋಣ. ಕೆಳಗಿನ ಅಂಕಿಗಳು ಲೆಕ್ಕವನ್ನು ತೋರಿಸಲೆಂದೇ ನಾವು ಹೆಣೆದವು, ಕ್ಷೇತ್ರಕಾರ್ಯದ ಫಲಿತಾಂಶವಲ್ಲ. ಮಿಲಿಸೆಕೆಂಡುಗಳಲ್ಲಿ, ಕನ್ನಡ ಮನೆಮಾತಿನವರು: 128, 134, 139, 146, 151. ತುಳು: 141, 149, 155, 160, 290. ಕೊಂಕಣಿ: 112, 118, 121, 131, 137.

ಶ್ರೇಣಿಮೊತ್ತಗಳು ಕ್ರಮವಾಗಿ 40, 62, 18. ಇವುಗಳ ವರ್ಗಗಳ ಮೊತ್ತ 5768. ಅದನ್ನು 5ರಿಂದ ಭಾಗಿಸಿ, 12/240ರಿಂದ ಗುಣಿಸಿ, 48 ಕಳೆದರೆ H = 9.68. ಇದೇ ಅಂಕಿಗಳಿಗೆ ಏಕಮುಖ ಅನೋವಾ F = 2.97 ನೀಡುತ್ತದೆ. ಶೇ. 5ರ ಮಟ್ಟಕ್ಕೆ ಬೇಕಾದ 3.89ಕ್ಕಿಂತ ಇದು ಕಡಿಮೆ. ಕಾರಣ 290 ಎಂಬ ಒಂದೇ ಅಳತೆ. ಅದು ಗುಂಪಿನೊಳಗಿನ ಹರಡುವಿಕೆಯನ್ನು ಹಿಗ್ಗಿಸಿ ಗುಂಪುಗಳ ನಡುವಿನ ಭೇದವನ್ನು ಮುಚ್ಚುತ್ತದೆ. 290ರ ಬದಲು 165 ಎಂದಿದ್ದರೆ F 12.49ಕ್ಕೆ ಏರುತ್ತಿತ್ತು, H ಮಾತ್ರ 9.68 ಆಗಿಯೇ ಉಳಿಯುತ್ತಿತ್ತು. ಎರಡೂ ಸಂದರ್ಭದಲ್ಲಿ ಆ ಅಳತೆಯ ಶ್ರೇಣಿ 15.

ಐದೈದು ಮಂದಿಯ ಮೂರು ಗುಂಪುಗಳಿಗೆ ಕೈ-ವರ್ಗ ಕೋಷ್ಟಕ ಅಂದಾಜು ಮಾತ್ರ. ಶೇ. 1ರ ಮಟ್ಟಕ್ಕೆ ಅದು 9.21 ಕೇಳುತ್ತದೆ, ನಿಖರ ಕೋಷ್ಟಕಕ್ಕೆ ಸುಮಾರು 8.00 ಸಾಕು. ಇಂಥ ಸಣ್ಣ ಗುಂಪುಗಳಿಗಾಗಿಯೇ 1952ರ ಲೇಖಕರು ನಿಖರ ಸಂಭವನೀಯತೆಗಳ ಕೋಷ್ಟಕವನ್ನು ಕೊಟ್ಟಿದ್ದರು.

ಈಗ ಮೂಲ ಪ್ರಶ್ನೆಗೆ ಮರಳೋಣ. H ದೊಡ್ಡದಾದರೆ ಒಂದು ಗುಂಪಿನ ಅಳತೆಗಳು ಉಳಿದವಕ್ಕಿಂತ ಮೇಲಿನ ಅಥವಾ ಕೆಳಗಿನ ಶ್ರೇಣಿಗಳತ್ತ ವಾಲುತ್ತವೆ ಎಂದಷ್ಟೇ ಹೇಳಬಹುದು. ಮೂರೂ ವಿತರಣೆಗಳ ಆಕಾರ ಒಂದೇ ಆಗಿದ್ದು ಸ್ಥಾನ ಮಾತ್ರ ಸರಿದಿದ್ದರೆ ಅದನ್ನು ಮಧ್ಯಾಂಕದ ಭೇದವೆಂದು ಓದಬಹುದು. ಒಂದು ಗುಂಪಿನ ಅಳತೆಗಳು ಒಂದೇ ಕಡೆಗೆ ಚಾಚಿಕೊಂಡಿದ್ದರೆ, ಮಧ್ಯಾಂಕಗಳು ಸಮವಾಗಿದ್ದೂ H ದೊಡ್ಡದಾದೀತು. ಆದ್ದರಿಂದ ಮೊದಲು ವಿತರಣೆಗಳನ್ನು ಚಿತ್ರಿಸಿ ನೋಡಬೇಕು. ಯಾವ ಗುಂಪು ಯಾವುದರಿಂದ ಭಿನ್ನ ಎಂಬುದನ್ನೂ H ಹೇಳದು. ಅದಕ್ಕೆ 1964ರಲ್ಲಿ ಡನ್ ಪ್ರಕಟಿಸಿದ ಜೋಡಿ ಹೋಲಿಕೆಯಂಥ ವಿಧಾನ ಬೇಕು.

ಶ್ರೇಣಿಯಿಂದ ಸರಿಯಾಗದ ದೋಷವೊಂದಿದೆ. ಪ್ರತಿ ವಕ್ತೃವೂ ‘ಹತ್ತು’ ಎಂಬುದನ್ನು ಹತ್ತು ಬಾರಿ ಉಚ್ಚರಿಸಿ, ಆ ನೂರೈವತ್ತು ಉಚ್ಚಾರಗಳನ್ನು ನೂರೈವತ್ತು ಸ್ವತಂತ್ರ ಅಳತೆಗಳೆಂದು ಎಣಿಸಿದರೆ N 15ರಿಂದ 150ಕ್ಕೆ ಹಿಗ್ಗುತ್ತದೆ, ಮಾತನಾಡಿದವರು ಮಾತ್ರ ಹದಿನೈದೇ ಮಂದಿ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಬೇರೆ ಬೇರೆಯಾಗಿ ಎಣಿಸಿದಾಗಲೂ ಇಂಥದೇ ತೊಡಕು. ಅನೋವಾದಿಂದ ಕ್ರಸ್ಕಲ್–ವಾಲಿಸ್‌ಗೆ ಬರುವವರು ಸಹಜ ವಿತರಣೆಯ ನಿಬಂಧನೆಯನ್ನು ಬಿಡುತ್ತಾರೆ, ಸ್ವಾತಂತ್ರ್ಯದ ನಿಬಂಧನೆಯನ್ನು ಬಿಡುವುದಿಲ್ಲ. ಪ್ರತಿ ವಕ್ತೃವಿನ ಉಚ್ಚಾರಗಳನ್ನು ಒಂದೇ ಮೌಲ್ಯಕ್ಕೆ ಇಳಿಸಿದ ನಂತರವೇ ಶ್ರೇಣಿ ನೀಡತಕ್ಕದ್ದು.