ಒಪ್ಪಿಗೆ ಪತ್ರದ ಒಂದು ವಾಕ್ಯದ ಚರಿತ್ರೆ

1900ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಕ್ಯೂಬಾದ ಹವಾನಾ ನಗರದ ಹೊರವಲಯದಲ್ಲಿ ಒಂದು ಶಿಬಿರವನ್ನು ತೆರೆದರು. ಹಳದಿ ಜ್ವರವು ಸೊಳ್ಳೆಯಿಂದ ಹರಡುತ್ತದೆಯೇ ಎಂಬುದನ್ನು ಮನುಷ್ಯರ ಮೇಲೆಯೇ ಪ್ರಯೋಗ ಮಾಡಿ ತಿಳಿಯುವುದು ಅದರ ಉದ್ದೇಶ. ಎರಡು ತಿಂಗಳ ಹಿಂದಷ್ಟೇ ಅವರ ಸಹೋದ್ಯೋಗಿ ಜೆಸ್ಸಿ ಲೇಜಿಯರ್ ಅದೇ ಜ್ವರಕ್ಕೆ ಬಲಿಯಾಗಿದ್ದರು. ಶಿಬಿರಕ್ಕೆ ಅವರ ಹೆಸರನ್ನೇ ಇಡಲಾಗಿತ್ತು. ಪ್ರಯೋಗಕ್ಕೆ ಒಪ್ಪಿ ಬಂದವರಲ್ಲಿ ಸ್ಪೇನ್ ದೇಶದಿಂದ ವಲಸೆ ಬಂದವರೂ ಇದ್ದರು. ಅವರಿಗಾಗಿ ರೀಡ್ ಒಂದು ಕರಾರುಪತ್ರವನ್ನು ಬರೆಸಿದರು. ಅದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡೂ ಭಾಷೆಗಳಲ್ಲಿತ್ತು. ಭಾಗವಹಿಸಿದವನಿಗೆ ಚಿನ್ನದ ನಾಣ್ಯದಲ್ಲಿ 100 ಡಾಲರ್, ಜ್ವರ ಬಂದರೆ ಮತ್ತೆ 100 ಡಾಲರ್. ವೈದ್ಯಕೀಯ ಪ್ರಯೋಗಕ್ಕೆ ಲಿಖಿತ ಒಪ್ಪಿಗೆ ಪಡೆದ ಅತಿ ಹಳೆಯ ನಿದರ್ಶನಗಳಲ್ಲಿ ಇದೊಂದು.

ಆ ಪತ್ರದಲ್ಲಿ ಅಪಾಯವನ್ನು ಹೇಳುವ ವಾಕ್ಯ ಒಂದೇ ಒಂದು. ಜ್ವರ ಬಂದಲ್ಲಿ ತನ್ನ ಜೀವಕ್ಕೆ ಒಂದು ಮಟ್ಟಿಗೆ ಅಪಾಯವಿದೆಯೆಂದು ಸಹಿ ಹಾಕುವವನು ಬಲ್ಲ. ಆದರೆ ಈ ದ್ವೀಪದಲ್ಲಿರುವಷ್ಟು ಕಾಲ ಸೋಂಕಿನಿಂದ ತಪ್ಪಿಸಿಕೊಳ್ಳುವುದು ಹೇಗೂ ಸಾಧ್ಯವಿಲ್ಲವಾದ್ದರಿಂದ, ಉತ್ತಮ ಶುಶ್ರೂಷೆ ಸಿಗುವ ಇಲ್ಲಿಯೇ ಅದನ್ನು ತಂದುಕೊಳ್ಳಲು ಆತ ಇಷ್ಟಪಡುತ್ತಾನೆ, ಎಂಬುದು ಅದರ ಸಾರಾಂಶ. ಕಠಿಣವಾದ ಪದ ಒಂದೂ ಇಲ್ಲ. ಓದು ಬಲ್ಲ ಯಾವ ಕೂಲಿಗಾರನಿಗೂ ಅರ್ಥವಾಗುವಂಥ ಮಾತು. ಆದರೂ ಎರಡು ಕಡೆ ಅದು ಜಾರುತ್ತದೆ. ‘ಒಂದು ಮಟ್ಟಿಗೆ’ ಎಂದರೆ ಎಷ್ಟು ಮಟ್ಟಿಗೆ? ಲೇಜಿಯರ್ ಸತ್ತದ್ದು ಸಹಿ ಪಡೆಯುವವರಿಗೆಲ್ಲ ಗೊತ್ತಿತ್ತು, ಅಪಾಯ ಹೇಳುವ ಈ ವಾಕ್ಯದಲ್ಲಿ ಮಾತ್ರ ಸಾವು ಎಂಬ ಪದವೇ ಇಲ್ಲ. ಇನ್ನು ಸೋಂಕು ತಪ್ಪದು ಎಂಬುದು ತೀರ್ಮಾನದ ರೂಪದಲ್ಲಿ ಬಂದಿದೆ; ಹಾಗೆಂದು ಲೆಕ್ಕ ಹಾಕಿದವರು ಯಾರೆಂಬುದು ಇಲ್ಲ. ರೀಡ್ ಅವರ ಶಿಬಿರದ ಸ್ವಯಂಸೇವಕರಲ್ಲಿ ಯಾರೂ ಸಾಯಲಿಲ್ಲ. ಆದರೆ 1901ರಲ್ಲಿ ಹವಾನಾದಲ್ಲಿಯೇ ವೈದ್ಯ ಹ್ವಾನ್ ಗಿಟೆರಸ್ ಮುಂದುವರಿಸಿದ ಸೊಳ್ಳೆ ಕಡಿತದ ಪ್ರಯೋಗಗಳಲ್ಲಿ ಮೂವರು ಪ್ರಾಣ ಕಳೆದುಕೊಂಡರು. ಅವರಲ್ಲೊಬ್ಬಳು ಅಮೆರಿಕದ ದಾದಿ ಕ್ಲಾರಾ ಮಾಸ್. ಆಕೆಗೆ ಆಗ 25 ವರ್ಷ.

ಮುಂದೆ 1947ರ ನ್ಯೂರೆಂಬರ್ಗ್ ಸಂಹಿತೆ, ನಿರೀಕ್ಷಿಸಬಹುದಾದ ಅಪಾಯಗಳನ್ನೆಲ್ಲ ವ್ಯಕ್ತಿಗೆ ತಿಳಿಸಬೇಕೆಂದಿತು. ಅಂದಿನಿಂದ ಒಪ್ಪಿಗೆ ಪತ್ರಗಳು ಉದ್ದವಾಗುತ್ತ ಬಂದವು. ರೀಡ್ ಅವರ ಪತ್ರದ ದೋಷ ಕಡಿಮೆ ಹೇಳುವುದಾಗಿತ್ತು. ಹೊಸ ಪತ್ರಗಳ ದೋಷವು ಎಲ್ಲವನ್ನೂ ಹೇಳಿ ಯಾವುದನ್ನೂ ತಿಳಿಸದಿರುವುದಾಯಿತು. 2003ರಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜುಗಳ ಪರಿಶೀಲನಾ ಮಂಡಳಿಗಳನ್ನು ಕುರಿತ ಅಧ್ಯಯನವೊಂದು ಪ್ರಕಟವಾಯಿತು. ಇಂತಿಷ್ಟನೆಯ ತರಗತಿಯವನಿಗೆ ಅರ್ಥವಾಗಬೇಕೆಂದು ನಿಯಮ ಮಾಡಿದ್ದ ಆ ಮಂಡಳಿಗಳು, ಮಾದರಿಯಾಗಿ ತಾವೇ ಬರೆದುಕೊಟ್ಟ ವಾಕ್ಯಗಳಲ್ಲಿ ಆ ಮಿತಿಯನ್ನು ಸರಾಸರಿ ಸುಮಾರು ಮೂರು ತರಗತಿಗಳಷ್ಟು ಮೀರಿದ್ದವು.

ನಮ್ಮ ದೇಶದಲ್ಲಿ ಈ ಪ್ರಶ್ನೆ ಬಿಸಿಯೇರಿದ್ದು ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 2009ರಲ್ಲಿ ಆರಂಭವಾದ ಎಚ್‌ಪಿವಿ ಲಸಿಕೆಯ ಯೋಜನೆಯಿಂದ. ಲಸಿಕೆ ಪಡೆದ ಬಾಲಕಿಯರಲ್ಲಿ ಏಳು ಮಂದಿ ಬೇರೆ ಬೇರೆ ಕಾರಣಗಳಿಂದ ತೀರಿಕೊಂಡರು. ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲವೆಂದು ವಿಚಾರಣೆಯಲ್ಲಿ ಹೇಳಲಾಯಿತು. ಆದರೆ ಒಪ್ಪಿಗೆ ಪಡೆದ ಬಗೆಯಲ್ಲಿ ಗಂಭೀರ ಲೋಪಗಳು ಕಂಡವು: ಎಷ್ಟೋ ಪತ್ರಗಳಿಗೆ ತಂದೆತಾಯಿಗಳ ಬದಲು ವಸತಿನಿಲಯದ ವಾರ್ಡನ್‌ಗಳು, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಈ ಕುರಿತು ಕಟುವಾದ ವರದಿ ನೀಡಿತು.

ಅದೇ 2013ರ ಜನವರಿ 30ರಂದು ಔಷಧ ನಿಯಮಗಳಿಗೆ ಒಂದು ತಿದ್ದುಪಡಿ ಬಂದಿತ್ತು. ಪ್ರಯೋಗದಲ್ಲಿ ಭಾಗವಹಿಸಿದವರಿಗೆ ಹಾನಿಯಾದರೆ ಅಗತ್ಯವಿರುವಷ್ಟು ಕಾಲ ಉಚಿತ ಚಿಕಿತ್ಸೆ ಕೊಡಬೇಕು ಎಂಬುದು ಅದರ ತಾತ್ಪರ್ಯ. ಔಷಧ ಕಂಪನಿಗಳು ಇದನ್ನು ಮಿತಿಯಿಲ್ಲದ ಹೊರೆಯೆಂದು ಕಂಡವು. 2014ರ ಡಿಸೆಂಬರಿನಲ್ಲಿ ವಾಕ್ಯಕ್ಕೆ ಬಾಲವೊಂದು ಸೇರಿತು: ಅಗತ್ಯವಿರುವಷ್ಟು ಕಾಲ, ಅಥವಾ ಹಾನಿಯು ಪ್ರಯೋಗಕ್ಕೆ ಸಂಬಂಧಿಸಿದ್ದಲ್ಲವೆಂದು ಸಿದ್ಧವಾಗುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳಲ್ಲಿಯೂ ಈ ಬಾಲ ಉಳಿದುಕೊಂಡಿದೆ.

‘ಯಾವುದು ಮೊದಲೋ ಅಲ್ಲಿಯವರೆಗೆ’ ಎಂಬುದು ಕೇಂದ್ರ ಸರಕಾರದ ನೌಕರರಾದ ನಮಗೆ ನಿತ್ಯದ ಮಾತು. ನಿಯೋಜನೆಯ ಆದೇಶಗಳಲ್ಲಿ ಮೂರು ವರ್ಷ ಅಥವಾ ಮುಂದಿನ ಆದೇಶ, ಯಾವುದು ಮೊದಲೋ ಅಲ್ಲಿಯವರೆಗೆ ಎಂದಿರುತ್ತದೆ; ಎರಡು ಗಡುವುಗಳಲ್ಲಿ ಹತ್ತಿರದ್ದು ನಮ್ಮನ್ನು ಹಿಡಿಯುತ್ತದೆಂದು ನಾವು ಬಲ್ಲೆವು. ಕಡತ ಕಾಣದವನಿಗೆ ಇದು ತಿಳಿಯಬೇಕೆಂದೇನೂ ಇಲ್ಲ. ಕೆಲವು ವರ್ಷಗಳ ಹಿಂದೆ ಮುಂಬಯಿಯ ಆಸ್ಪತ್ರೆಯೊಂದರ ನೈತಿಕ ಸಮಿತಿಯಲ್ಲಿದ್ದ ಪರಿಚಿತರೊಬ್ಬರು ಕನ್ನಡದ ಒಪ್ಪಿಗೆ ಪತ್ರವೊಂದನ್ನು ನೋಡಿಕೊಡುವಂತೆ ಕೇಳಿದಾಗ ನಮಗೆ ಇದರ ಅರಿವಾಯಿತು. ಕಲಬುರಗಿ, ವಿಜಯಪುರದ ಕಡೆಯಿಂದ ಚಿಕಿತ್ಸೆಗೆಂದು ಬಂದವರಿಗಾಗಿ ಸಿದ್ಧವಾದ ಪ್ರತಿ ಅದು. ಮೇಲಿನ ನಿಯಮ ಅಲ್ಲಿ ಹೀಗಿತ್ತು:

“ವೈದ್ಯಕೀಯ ಪ್ರಯೋಗದ ಅವಧಿಯಲ್ಲಿ ವಿಷಯಕ್ಕೆ ಗಾಯ ಸಂಭವಿಸಿದಲ್ಲಿ ಅಗತ್ಯವಿರುವವರೆಗೆ ಅಥವಾ ಸದರಿ ಗಾಯವು ಪ್ರಯೋಗಕ್ಕೆ ಸಂಬಂಧಿಸಿದ್ದಲ್ಲವೆಂದು ಸ್ಥಾಪಿತವಾಗುವವರೆಗೆ, ಯಾವುದು ಮೊದಲೋ ಅದುವರೆಗೆ, ಪ್ರಾಯೋಜಕರಿಂದ ಉಚಿತ ವೈದ್ಯಕೀಯ ನಿರ್ವಹಣೆ ಹಾಗೂ ಪರಿಹಾರವನ್ನು ಒದಗಿಸಲಾಗುವುದು.”

ನಗು ಬರಿಸುವ ತಪ್ಪು ‘ವಿಷಯ’. ಇಂಗ್ಲಿಷಿನ ‘ಸಬ್ಜೆಕ್ಟ್’ ಎಂಬ ಪದವು ನಿಘಂಟಿನ ಬಾಗಿಲಿನಿಂದ ಹಾದುಬಂದು, ರೋಗಿಯನ್ನು ವಿಷಯವನ್ನಾಗಿ ಮಾಡಿದೆ. ಅದು ಯಾರ ಕಣ್ಣಿಗೂ ಬೀಳುತ್ತದೆ, ತಿದ್ದಿಬಿಡಬಹುದು. ಕಣ್ಣಿಗೆ ಬೀಳದ ತಪ್ಪುಗಳೇ ಹೆಚ್ಚು ಅಪಾಯಕಾರಿ. ‘ಗಾಯ’ ಎಂದಾಗ ಓದುವವನ ಮನಸ್ಸಿಗೆ ರಕ್ತ ಬರುವ ಗಾಯವೇ ಬರುತ್ತದೆ. ಔಷಧಿಯಿಂದ ಯಕೃತ್ತು ಕೆಟ್ಟರೆ ಅದೂ ಈ ವಾಕ್ಯದೊಳಗೆ ಬರುತ್ತದೆಂದು ಆತನಿಗೆ ಹೊಳೆಯದು. ‘ಪರಿಹಾರ’ ಇನ್ನೂ ಮೋಸದ ಪದ. ಕಾನೂನಿಗೆ ಅದು ಹಣ. ಊರಿನ ಮಾತಿನಲ್ಲಿ ಕಷ್ಟ ನೀಗುವುದೇ ಪರಿಹಾರ. ತೊಂದರೆಯಾದರೆ ಪರಿಹಾರ ಒದಗಿಸುತ್ತಾರೆ ಎಂಬುದನ್ನು, ಗುಣಪಡಿಸಿಯೇ ಕಳಿಸುತ್ತಾರೆ ಎಂದು ತಿಳಿದವನನ್ನು ದೂರುವಂತಿಲ್ಲ.

ಇಂಥ ಅನುವಾದಗಳನ್ನು ಪರೀಕ್ಷಿಸಲು ರೂಢಿಯಲ್ಲಿರುವ ಕ್ರಮವೆಂದರೆ, ಮೂಲವನ್ನು ನೋಡದ ಇನ್ನೊಬ್ಬರಿಂದ ಕನ್ನಡವನ್ನು ಮರಳಿ ಇಂಗ್ಲಿಷಿಗೆ ತರಿಸಿ ಹೋಲಿಸುವುದು. ಈ ಪರೀಕ್ಷೆಯಲ್ಲಿ ‘ವಿಷಯ’ ಸಿಕ್ಕಿಬೀಳಬಹುದು. ‘ಪರಿಹಾರ’ ನಿರಾಯಾಸವಾಗಿ ದಾಟುತ್ತದೆ. ಮರಳಿ ಅನುವಾದಿಸುವವರಿಗೆ ಕಾನೂನಿನ ಅರ್ಥ ಗೊತ್ತಿರುತ್ತದೆ. ಅವರು ಅದನ್ನೇ ಬರೆಯುತ್ತಾರೆ. ಎರಡು ಇಂಗ್ಲಿಷ್ ಪ್ರತಿಗಳು ಒಂದನ್ನೊಂದು ಒಪ್ಪುತ್ತವೆ, ನಡುವೆ ನಿಂತ ಕನ್ನಡದ ಓದುಗ ಮಾತ್ರ ಬೇರೇನನ್ನೋ ಓದಿರುತ್ತಾನೆ.

ನಾವು ಮೊದಲು ಮಾಡಿದ ತಿದ್ದುಪಡಿಯೂ ಸರಿಯಾಗಿರಲಿಲ್ಲ. ಸುಲಭವಾಗಲೆಂದು “ನಿಮಗೆ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಹಣ ಸಿಗುತ್ತದೆ” ಎಂದು ಬರೆದೆವು. ಮಗುವಿಗೂ ತಿಳಿಯುವ ವಾಕ್ಯ. ಪರಿಚಿತರು ಅದನ್ನು ಓದಿ, “ಕೊಡುವವರು ಯಾರು? ಎಲ್ಲಿಯವರೆಗೆ?” ಎಂದಷ್ಟೇ ಕೇಳಿದರು. ಸಿಗುತ್ತದೆ ಎಂಬ ಕ್ರಿಯಾಪದದಲ್ಲಿ ಕೊಡಬೇಕಾದವನು ಮಾಯವಾಗಿದ್ದ. ಕಾಲದ ಮಿತಿ ಹೋಗಿತ್ತು. ಅದಕ್ಕಿಂತ ಮುಖ್ಯವಾಗಿ ಚಿಕಿತ್ಸೆ, ಹಣ ಎರಡಕ್ಕೂ ಒಂದೇ ಷರತ್ತು ಎಂಬಂತಾಗಿತ್ತು. ಕಾನೂನು ಹಾಗೆ ಹೇಳುವುದಿಲ್ಲ. ಹಣಕ್ಕೆ ಹಾನಿಯು ಪ್ರಯೋಗದಿಂದಲೇ ಆಗಿರಬೇಕು. ಚಿಕಿತ್ಸೆ ಆ ತೀರ್ಮಾನಕ್ಕಾಗಿ ಕಾಯುವುದಿಲ್ಲ. ಸಂಬಂಧವಿಲ್ಲವೆಂದು ಸಿದ್ಧವಾಗುವವರೆಗೆ ಎಂದರೆ, ಸಿದ್ಧವಾಗದಿರುವಷ್ಟು ದಿನ ಚಿಕಿತ್ಸೆಗಾಗಿ ರೋಗಿ ಏನನ್ನೂ ರುಜುವಾತು ಮಾಡಬೇಕಾಗಿಲ್ಲ ಎಂದರ್ಥ. ಹಕ್ಕನ್ನು ಮೊಟಕುಗೊಳಿಸಲು ಬಂದ ಬಾಲದಲ್ಲಿಯೇ ಈ ಹಕ್ಕು ಅಡಗಿದೆ. ಕಠಿಣವಾದ ಮೊದಲ ಕನ್ನಡದಲ್ಲಿ ಅದು ಕಾಣಿಸುತ್ತಿರಲಿಲ್ಲ, ನಮ್ಮ ಸುಲಭದ ಕನ್ನಡದಲ್ಲಿ ಅದು ಇರಲೇ ಇಲ್ಲ.

ಕೊನೆಗೆ ಒಂದು ವಾಕ್ಯವನ್ನು ಬಿಡಿಸಿ ಹಲವು ವಾಕ್ಯಗಳನ್ನು ಮಾಡಿದೆವು:

“ಈ ಪ್ರಯೋಗದ ಸಮಯದಲ್ಲಿ ನಿಮ್ಮ ದೇಹಕ್ಕೆ ಅಥವಾ ಆರೋಗ್ಯಕ್ಕೆ ಹಾನಿಯಾದರೆ ಅದಕ್ಕೆ ಚಿಕಿತ್ಸೆ ಕೊಡಿಸಬೇಕು. ಅದರ ಖರ್ಚು ಪ್ರಯೋಗ ನಡೆಸುವ ಕಂಪನಿಯದು. ಹಾನಿ ಪ್ರಯೋಗದಿಂದಲೇ ಆಯಿತೆಂದು ನೀವು ತೋರಿಸಬೇಕಾಗಿಲ್ಲ. ಈ ಉಚಿತ ಚಿಕಿತ್ಸೆ ಎರಡು ಸಂದರ್ಭಗಳಲ್ಲಿ ನಿಲ್ಲುತ್ತದೆ. ಒಂದು, ಇನ್ನು ಚಿಕಿತ್ಸೆ ಬೇಕಿಲ್ಲವೆಂದು ಪ್ರಯೋಗದ ವೈದ್ಯರು ಹೇಳಿದಾಗ. ಎರಡು, ಹಾನಿ ಪ್ರಯೋಗದಿಂದ ಆದದ್ದಲ್ಲವೆಂದು ಸಿದ್ಧವಾದಾಗ. ಇವೆರಡರಲ್ಲಿ ಯಾವುದು ಮೊದಲು ಆಗುತ್ತದೋ ಆಗ ಚಿಕಿತ್ಸೆ ನಿಲ್ಲುತ್ತದೆ. ಹಾನಿ ಪ್ರಯೋಗದಿಂದಲೇ ಆದದ್ದಾದರೆ, ಚಿಕಿತ್ಸೆಯ ಖರ್ಚಲ್ಲದೆ ಪರಿಹಾರದ ಹಣವನ್ನೂ ಕಂಪನಿ ನಿಮಗೆ ಕೊಡಬೇಕು.”

ಮೂಲಕ್ಕಿಂತ ಇದು ಉದ್ದ. ಪದಗಳನ್ನು ಎಣಿಸಿ ಸರಳತೆಯನ್ನು ಅಳೆಯುವವರಿಗೆ ಇದು ಹಿನ್ನಡೆಯಾಗಿ ಕಾಣಬಹುದು. ಇಂಗ್ಲಿಷಿನ ತರಗತಿ ಲೆಕ್ಕಗಳು ವಾಕ್ಯದ ಉದ್ದವನ್ನೂ ಪದದ ಉಚ್ಚಾರಾಂಶಗಳನ್ನೂ ನಂಬಿರುತ್ತವೆ. ‘ತೋರಿಸಬೇಕಾಗಿಲ್ಲ’ ಎಂಬ ನಮ್ಮ ಒಂದು ಪದದಲ್ಲಿ ಏಳು ಅಕ್ಷರಗಳಿವೆ, ಆದರೂ ಅದು ಯಾರಿಗೂ ಕಷ್ಟವಲ್ಲ. ‘ಸದರಿ’ಯಲ್ಲಿ ಮೂರೇ ಅಕ್ಷರ. ಕನ್ನಡಕ್ಕೆ ಆ ಅಳತೆಗೋಲು ಹೊಂದುವುದಿಲ್ಲ. ಇಂಥ ಪತ್ರವನ್ನು ಎಷ್ಟೋ ಮಂದಿಗೆ ಬೇರೊಬ್ಬರು ಓದಿ ಹೇಳಬೇಕಾಗುತ್ತದೆ. ಆದ್ದರಿಂದ ಕಿವಿಗೆ ನಿಲ್ಲುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಓದಿ ಮುಗಿಸಿದ ಮೇಲೆ, ತಿಳಿಯಿತೇ ಎಂದು ಕೇಳಬಾರದು. ಹೌದು ಎಂಬುದೇ ಅದಕ್ಕೆ ಸಿದ್ಧ ಉತ್ತರ. ಖರ್ಚು ಯಾರದು, ಎಲ್ಲಿಯವರೆಗೆ, ಹಣ ಯಾವಾಗ ಎಂದು ಕೇಳಿ, ಉತ್ತರವನ್ನು ಅವರ ಮಾತಿನಲ್ಲಿಯೇ ಕೇಳಿಸಿಕೊಳ್ಳಬೇಕು.

ರೀಡ್ ಅವರ ‘ಒಂದು ಮಟ್ಟಿಗೆ’ ಇಂದಿಗೂ ಬೇರೆ ವೇಷದಲ್ಲಿ ಉಳಿದಿದೆ. ಅಡ್ಡಪರಿಣಾಮಗಳ ಪಟ್ಟಿಯಲ್ಲಿ ‘ಅಪರೂಪ’ ಎಂದಿರುತ್ತದೆ. ಅಂತರರಾಷ್ಟ್ರೀಯ ರೂಢಿಯಲ್ಲಿ ಅದಕ್ಕೆ ನಿಶ್ಚಿತವಾದ ಅರ್ಥವಿದೆ: 10,000 ಜನರಲ್ಲಿ 1ರಿಂದ 10ರ ಒಳಗಿನಷ್ಟು ಜನರಿಗೆ ಆಗುವಂಥದ್ದು. ನಮ್ಮ ಮನೆಗಳಲ್ಲಿ ಅಪರೂಪಕ್ಕೆ ಬರುವವರು ನೆಂಟರು. ಆ ಪದದಲ್ಲಿ ಅಂಕಿ ಇಲ್ಲ, ಅಕ್ಕರೆ ಇದೆ. ಆ ಪ್ರತಿಯಲ್ಲಿ ನಾವು ಪದದ ಜೊತೆಗೆ ಸಂಖ್ಯೆಯನ್ನೂ ಬರೆದೆವು, ಎಲ್ಲ ಸಾಲುಗಳಿಗೂ ಒಂದೇ 10,000ದ ಲೆಕ್ಕ ಇಟ್ಟೆವು. ಹೊಸ ಔಷಧಿಯಾದ್ದರಿಂದ ಯಾರಿಗೂ ಇನ್ನೂ ತಿಳಿಯದ ಅಪಾಯಗಳಿರಬಹುದು, ಅವಕ್ಕೆ ಸಂಖ್ಯೆ ಕೊಡಲಾಗದು ಎಂಬುದನ್ನೂ ಹಾಗೆಯೇ ಬರೆದೆವು. ಜೀವಕ್ಕೆ ಅಪಾಯವಿದ್ದ ಕಡೆ ‘ಸಾವು’ ಎಂದೇ ಬರೆದೆವು. ಸಮಿತಿಯ ಸದಸ್ಯರೊಬ್ಬರು ಈ ಪದ ಜನರನ್ನು ಹೆದರಿಸೀತು ಎಂದು ಆಕ್ಷೇಪಿಸಿದರಂತೆ. ಚರ್ಚೆಯ ಬಳಿಕ ಪದ ಉಳಿಯಿತು. ಆ ಪ್ರತಿಯನ್ನು ಓದಿಸಿಕೊಂಡು ಕೇಳಿದ ಒಬ್ಬರು ಪ್ರಯೋಗಕ್ಕೆ ಬೇಡವೆಂದು ಎದ್ದು ಹೋದರೆಂದೂ, ಇನ್ನೊಬ್ಬರು ಖರ್ಚಿನ ಸಾಲನ್ನು ಎರಡನೆಯ ಸಲ ಓದಿಸಿಕೊಂಡು ಸಹಿ ಹಾಕಿದರೆಂದೂ ಆಮೇಲೆ ತಿಳಿಯಿತು. ಇಬ್ಬರೂ ಪತ್ರವನ್ನು ಸರಿಯಾಗಿಯೇ ಓದಿದ್ದರು.