ಆಸ್ಪತ್ರೆ ಬಿಲ್‌ನಲ್ಲಿ ಗ್ಲೌಸ್, ಕಿಟ್‌ಗೆ ಹಣ ಹಾಕುವಂತಿಲ್ಲವೇ? ಫಾರ್ವರ್ಡ್ ಹೇಳುವುದೇನು, ಬಿಲ್‌ನಲ್ಲಿ ನೋಡಬೇಕಾದದ್ದೇನು

ಗ್ಲೌಸ್, ಮಾಸ್ಕ್, ಹತ್ತಿ, ಗೌನ್, ಫೈಲ್ ಚಾರ್ಜ್ ಹೀಗೆ ಉದ್ದ ಪಟ್ಟಿಯೊಂದನ್ನು ಹಾಕಿ, "ಇವುಗಳಿಗೆ ಆಸ್ಪತ್ರೆ ಹಣ ಕೇಳುವಂತಿಲ್ಲ, ಇದು ಸರ್ಕಾರದ ಆದೇಶ, ಎಲ್ಲರಿಗೂ ಕಳಿಸಿ" ಎನ್ನುವ ರೀತಿಯ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಪಟ್ಟಿ ನಿಜವಾದದ್ದೇ. ಆದರೆ ಅದಕ್ಕೆ ಕೊಟ್ಟ ಅರ್ಥ ತಪ್ಪು. ಅದನ್ನು ಹಿಡಿದುಕೊಂಡು ಬಿಲ್ಲಿಂಗ್ ಕೌಂಟರ್‌ಗೆ ಹೋದರೆ ಎರಡೇ ನಿಮಿಷದಲ್ಲಿ ವಾಪಸ್ ಬರಬೇಕಾಗುತ್ತದೆ.

ಆ ಪಟ್ಟಿ ವಿಮಾ ನಿಯಂತ್ರಣ ಪ್ರಾಧಿಕಾರದ್ದು, ಅಂದರೆ ಐಆರ್‌ಡಿಎಐನದ್ದು. ಅದು ಬರೆದಿರುವುದು ವಿಮಾ ಕಂಪನಿಗಳಿಗೆ, ಆಸ್ಪತ್ರೆಗಳಿಗಲ್ಲ. ಅದರಲ್ಲಿ ನಾಲ್ಕು ಭಾಗಗಳಿವೆ. ಮೊದಲ ಭಾಗದಲ್ಲಿರುವ ವಸ್ತುಗಳಿಗೆ ವಿಮಾ ಕಂಪನಿ ಹಣ ಕೊಡಬೇಕಿಲ್ಲ. ಗ್ಲೌಸ್ ಇರುವುದು ಇಲ್ಲೇ! ಅಂದರೆ ಪಾಲಿಸಿಯಲ್ಲಿ ಅದಕ್ಕೆಂದೇ ಹೆಚ್ಚುವರಿ ಕವರ್ ಇಲ್ಲದಿದ್ದರೆ ಗ್ಲೌಸ್ ಹಣ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಫಾರ್ವರ್ಡ್ ಹೇಳುವುದಕ್ಕೆ ಇದು ಪೂರ್ತಿ ಉಲ್ಟಾ. ಉಳಿದ ಮೂರು ಭಾಗಗಳಲ್ಲಿ ಇರುವುದು ರೂಮ್ ಬಾಡಿಗೆ, ಆಪರೇಷನ್ ಖರ್ಚು ಅಥವಾ ಚಿಕಿತ್ಸೆ ಖರ್ಚಿನಲ್ಲೇ ಸೇರಿದೆ ಎಂದು ಲೆಕ್ಕ ಹಿಡಿಯಬೇಕಾದ ವಸ್ತುಗಳು. ಬೆಡ್‌ಶೀಟ್, ಹೌಸ್‌ಕೀಪಿಂಗ್, ಫೈಲ್ ತೆರೆಯುವ ಚಾರ್ಜ್, ಗುರುತಿನ ಪಟ್ಟಿ ರೂಮ್ ಬಾಡಿಗೆಗೆ ಸೇರಿದರೆ, ಬ್ಲೇಡ್, ಹತ್ತಿ, ಗಾಜ್ ಆಪರೇಷನ್ ಖರ್ಚಿಗೆ ಸೇರುತ್ತವೆ.

ಕೈಯಿಂದಲೇ ಹಣ ಕಟ್ಟುವ ರೋಗಿಗೆ ಈ ಪಟ್ಟಿ ಕಾನೂನಿನ ಬಲ ಕೊಡುವುದಿಲ್ಲ. ಆದರೂ ಅದರ ಮೊದಲ ಭಾಗದಲ್ಲಿ ಒಂದು ಉಪಯುಕ್ತ ಸಾಲಿದೆ: ಒಳಗೆ ಏನಿದೆ ಎಂಬ ವಿವರ ಕೊಡದ ಯಾವುದೇ "ಕಿಟ್". ವಿವರವಿಲ್ಲದ ಕಿಟ್‌ಗೆ ವಿಮಾ ಕಂಪನಿಯೇ ಹಣ ಕೊಡದಿದ್ದಾಗ, ನೀವು ವಿವರ ಕೇಳಿದರೆ ತಪ್ಪೇನಿದೆ?

ಬಿಲ್ ಕಡಿಮೆಯಾಗುವುದು ಪಟ್ಟಿ ತೋರಿಸಿದ್ದಕ್ಕಲ್ಲ, ಕಾಗದ ಹೋಲಿಸಿದ್ದಕ್ಕೆ. ಅದಕ್ಕೂ ಮೊದಲು ಬಿಲ್ ಹೇಗೆ ತಯಾರಾಗುತ್ತದೆ ಎಂದು ತಿಳಿದಿರಬೇಕು.

ಬಹಳಷ್ಟು ಆಸ್ಪತ್ರೆಗಳಲ್ಲಿ ನರ್ಸ್ ಒಂದು ಇಂಜೆಕ್ಷನ್ ಚುಚ್ಚಿದಾಗ ಬಿಲ್ ಏರುವುದಿಲ್ಲ. ವಾರ್ಡ್‌ನಿಂದ ಫಾರ್ಮಸಿಗೆ ಇಂಡೆಂಟ್ ಹೋಗಿ, ಔಷಧ ಮೇಲೆ ಬಂದ ಕ್ಷಣದಲ್ಲೇ ಅದು ನಿಮ್ಮ ಖಾತೆಗೆ ಬೀಳುತ್ತದೆ. ಬಳಸದೆ ಉಳಿದದ್ದು ವಾಪಸ್ ಹೋಗಿ, ರಿಟರ್ನ್ ಎಂದು ದಾಖಲಾದರೆ ಮಾತ್ರ ಹಣ ಕಳೆಯುತ್ತದೆ. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಈ ರಿಟರ್ನೇ. ರೂಮ್, ನರ್ಸಿಂಗ್, ಡಾಕ್ಟರ್ ವಿಸಿಟ್‌ನಂಥ ದಿನದ ಚಾರ್ಜ್‌ಗಳನ್ನು ಸಾಫ್ಟ್‌ವೇರ್ ತಾನೇ ದಿನಕ್ಕೊಮ್ಮೆ ಸೇರಿಸುತ್ತಾ ಹೋಗುತ್ತದೆ. ರೋಗಿ ಪ್ಯಾಕೇಜ್‌ನಲ್ಲಿದ್ದಾರೆ ಎಂದು ಯಾರಾದರೂ ಗುರುತು ಹಾಕದಿದ್ದರೆ ಪ್ಯಾಕೇಜ್ ಹಣವೂ ಬರುತ್ತದೆ, ಅದರೊಳಗಿನ ಬಾಬತ್ತುಗಳೂ ಬೇರೆಯಾಗಿ ಬರುತ್ತವೆ. ಎಲ್ಲವೂ ಮೋಸವಲ್ಲ, ಎಷ್ಟೋ ಸಲ ಇದು ಬರೀ ಅಜಾಗರೂಕತೆ. ಹಣ ಮಾತ್ರ ಎರಡರಲ್ಲೂ ನಮ್ಮದೇ ಹೋಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಲ್ಲಿನ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ಯಾವುದೇ ಆಸ್ಪತ್ರೆಯವಲ್ಲ.

ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೊಸ್ಕೋಪಿ ಆಪರೇಷನ್, ಪ್ಯಾಕೇಜ್ 85,000 ರೂಪಾಯಿ. ದಾಖಲಾಗುವಾಗ ಕೊಟ್ಟ ಅಂದಾಜು ಪತ್ರದ ಪ್ರಕಾರ ಎರಡು ದಿನದ ರೂಮ್ ಮತ್ತು ನರ್ಸಿಂಗ್, ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ಆ ಎರಡು ದಿನದ ಔಷಧ ಮತ್ತು ಬಳಕೆ ಸಾಮಗ್ರಿ, ಡಾಕ್ಟರ್ ವಿಸಿಟ್ ಎಲ್ಲ ಇದರೊಳಗಿವೆ. ಲ್ಯಾಬ್ ಪರೀಕ್ಷೆ, ಬಯಾಪ್ಸಿ, ಹೆಚ್ಚುವರಿ ದಿನಗಳು ಹೊರಗೆ. ರೋಗಿ ಸೋಮವಾರ ಬೆಳಿಗ್ಗೆ ಸೇರಿ ಬುಧವಾರ ಬೆಳಿಗ್ಗೆ ಹೋಗಬೇಕಿತ್ತು. ಜ್ವರ ಬಂದದ್ದರಿಂದ ಗುರುವಾರ ಬೆಳಿಗ್ಗೆ ಬಿಟ್ಟರು. ಬಿಲ್ ಹೀಗೆ ಬಂತು:

ಪ್ಯಾಕೇಜ್ – 85,000
ರೂಮ್, 3 ದಿನ – 10,500
ನರ್ಸಿಂಗ್, 3 ದಿನ – 1,800
ಅರಿವಳಿಕೆ ತಜ್ಞರು – 9,000
ಡಾಕ್ಟರ್ ವಿಸಿಟ್, 4 – 3,200
ಔಷಧ ಮತ್ತು ಬಳಕೆ ಸಾಮಗ್ರಿ – 14,260
ಲ್ಯಾಬ್ – 6,200
ಬಯಾಪ್ಸಿ – 1,800
ಒಟ್ಟು – 1,31,760

ಮೊದಲು ಬಿಲ್ ಪಕ್ಕ ಅಂದಾಜು ಪತ್ರ ಇಡಿ. ಮೂರು ದಿನದಲ್ಲಿ ಎರಡು ದಿನ ಪ್ಯಾಕೇಜ್‌ನವು. ಆದ್ದರಿಂದ ರೂಮ್‌ನಲ್ಲಿ 7,000, ನರ್ಸಿಂಗ್‌ನಲ್ಲಿ 1,200 ಎರಡನೇ ಸಲ ಬಂದಿದೆ. ಅರಿವಳಿಕೆ 9,000 ಕೂಡ ಹಾಗೆಯೇ. "ಅವರು ಹೊರಗಿನಿಂದ ಬರುವ ಡಾಕ್ಟರ್, ಅವರ ಫೀಸ್ ಬೇರೆ" ಎಂಬ ಉತ್ತರ ಬರಬಹುದು. ಅರಿವಳಿಕೆ ಪ್ಯಾಕೇಜ್ ಒಳಗೆ ಎಂದು ಅಂದಾಜು ಪತ್ರದಲ್ಲೇ ಬರೆದಿರುವಾಗ, ಡಾಕ್ಟರ್ ಎಲ್ಲಿಂದ ಬರುತ್ತಾರೆ ಎನ್ನುವುದು ಆಸ್ಪತ್ರೆ ಮತ್ತು ಆ ಡಾಕ್ಟರ್ ನಡುವಿನ ವಿಷಯ. ನಾಲ್ಕು ವಿಸಿಟ್‌ಗಳಲ್ಲಿ ಎರಡು ಸೋಮವಾರ ಮತ್ತು ಮಂಗಳವಾರದವು, 1,600 ರೂಪಾಯಿ ಅಲ್ಲಿಯೂ ಕಳೆಯಬೇಕು. ಬುಧವಾರದ ಎರಡು ವಿಸಿಟ್ ಬಗ್ಗೆ ತಕರಾರು ಬೇಡ. ಜ್ವರಕ್ಕಾಗಿ ಸರ್ಜನ್ ಒಮ್ಮೆ, ಫಿಸಿಷಿಯನ್ ಒಮ್ಮೆ ಬಂದದ್ದು ಕೇಸ್ ಶೀಟ್‌ನಲ್ಲಿದೆ. ಒಂದೇ ದಿನ ಎರಡು ಸಾಲು ಕಂಡ ತಕ್ಷಣ ಡಬಲ್ ಚಾರ್ಜ್ ಎನ್ನಬಾರದು.

ಲ್ಯಾಬ್‌ನಲ್ಲಿ ಲಿವರ್ ಫಂಕ್ಷನ್ ಟೆಸ್ಟ್ ಎರಡು ಸಾಲು ಇದೆ, ಎರಡೂ ಬುಧವಾರ ಬೆಳಿಗ್ಗೆಯವು, ನಡುವೆ ಎರಡೇ ನಿಮಿಷದ ಅಂತರ. ಇಲ್ಲಿ ರಿಪೋರ್ಟ್‌ಗಳನ್ನು ಎಣಿಸಿ. ಎರಡು ಬಾರಿ ರಕ್ತ ತೆಗೆದಿದ್ದರೆ ಎರಡು ರಿಪೋರ್ಟ್, ಎರಡು ಸ್ಯಾಂಪಲ್ ಸಮಯ ಇರಲೇಬೇಕು. ಇಲ್ಲಿರುವುದು ಒಂದೇ. ಅಲ್ಲಿಗೆ 900 ರೂಪಾಯಿ.

ಹೆಚ್ಚು ತಾಳ್ಮೆ ಬೇಡುವುದು ಔಷಧದ ಸಾಲು. ಮೊದಲು "14,260ರ ದಿನವಾರು ವಿವರ ಕೊಡಿ" ಎಂದು ಕೇಳಿ. ವಿವರ ಬಂದಾಗ ಸೋಮವಾರ, ಮಂಗಳವಾರದ್ದೇ 9,860 ಇತ್ತು, ಅದು ಪ್ಯಾಕೇಜ್‌ಗೆ ಸೇರಿದ್ದು. ಉಳಿದ 4,400ರಲ್ಲಿ ಆಂಟಿಬಯಾಟಿಕ್ ಇಂಜೆಕ್ಷನ್ 6 ವಯಲ್, ಒಂದಕ್ಕೆ 320. ಈಗ ಡ್ರಗ್ ಚಾರ್ಟ್ ನೋಡಿ. ಯಾವ ಔಷಧ, ಎಷ್ಟು ಗಂಟೆಗೆ ಕೊಟ್ಟರು ಎಂದು ಬರೆದು ನರ್ಸ್ ಸಹಿ ಹಾಕುವ ಹಾಳೆ ಅದು. ಬುಧವಾರ ಎರಡು, ಗುರುವಾರ ಬೆಳಿಗ್ಗೆ ಒಂದು, ಒಟ್ಟು ಮೂರು ಡೋಸ್, ಪ್ರತಿ ಡೋಸ್‌ಗೆ ಒಂದೇ ವಯಲ್. ಹಾಗಾದರೆ ಮೂರು ವಯಲ್ ಎಲ್ಲಿ? ರಿಟರ್ನ್ ಸ್ಲಿಪ್ ಇಲ್ಲ. 960 ರೂಪಾಯಿ. ಇಲ್ಲೊಂದು ಎಚ್ಚರ: ಡೋಸ್‌ಗೆ ಎರಡು ವಯಲ್ ಬೇಕಾಗುವ ಔಷಧಗಳೂ ಇವೆ. ವಯಲ್ ಮೇಲಿನ ಮಿಲಿಗ್ರಾಂ ಮತ್ತು ಚಾರ್ಟ್‌ನ ಮಿಲಿಗ್ರಾಂ ಹೋಲಿಸಿ ನೋಡಿಯೇ ಮಾತನಾಡಿ.

ಅದೇ ದಿನದ "ಡಿಸ್ಪೋಸಬಲ್ ಕಿಟ್ – 1,150" ಎಂಬುದಕ್ಕೆ ಒಳಗೇನಿದೆ ಎಂಬ ವಿವರವಿಲ್ಲ. ಇದನ್ನು ಕಳೆಯಿರಿ ಎನ್ನುವ ಬದಲು ಬಿಡಿಸಿ ಬರೆಯಿರಿ ಎಂದು ಕೇಳುವುದು ಉತ್ತಮ. ಸಿರಿಂಜ್, ಕ್ಯಾನುಲಾ, ಐವಿ ಸೆಟ್ ಎಂದು ಬಿಡಿಸಿದಾಗ, ಅವೇ ವಸ್ತುಗಳು ಮೇಲಿನ ಸಾಲುಗಳಲ್ಲಿ ಬೇರೆಯಾಗಿ ಬಂದಿರುವುದು ಕೆಲವೊಮ್ಮೆ ತಾನಾಗಿಯೇ ಕಾಣುತ್ತದೆ. ಕ್ಯಾನುಲಾ ಹೆಚ್ಚು ಕಂಡರೆ ನರ್ಸಿಂಗ್ ನೋಟ್ಸ್ ನೋಡಿ. ಊತ ಬಂದು ಅಥವಾ ಕಟ್ಟಿಕೊಂಡು ಬದಲಿಸಿದ್ದರೆ ಅಲ್ಲಿ ಬರೆದಿರಬೇಕು.

ಕಿಟ್ ಬಿಟ್ಟು ಕೂಡಿದರೆ ಪ್ರಶ್ನಿಸಬೇಕಾದ ಮೊತ್ತ 30,520. ಆಸ್ಪತ್ರೆ ಅಷ್ಟನ್ನೂ ಒಪ್ಪಿದರೆ ಬಿಲ್ 1,01,240ಕ್ಕೆ ಇಳಿಯುತ್ತದೆ. ಗಮನಿಸಿ, ಇದರಲ್ಲಿ ಯಾವ ದರವೂ ಜಾಸ್ತಿಯಾಯಿತು ಎಂದು ವಾದಿಸಿಲ್ಲ. ಎಂಆರ್‌ಪಿಗಿಂತ ಹೆಚ್ಚು ಪಡೆಯುವಂತಿಲ್ಲ, ನಿಜ. ಆದರೆ ಬಳಕೆ ಸಾಮಗ್ರಿಗಳ ಎಂಆರ್‌ಪಿಯನ್ನೇ ಬಹಳ ಮೇಲೆ ಮುದ್ರಿಸಿರುತ್ತಾರೆ. ಹೊರಗಿನ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎಂಬ ವಾದ ಕೌಂಟರ್‌ನಲ್ಲಿ ನಿಲ್ಲುವುದು ಕಷ್ಟ. ಸ್ಟೆಂಟ್ ಮತ್ತು ಮಂಡಿ ಇಂಪ್ಲಾಂಟ್‌ಗಳ ಮಾತು ಬೇರೆ. 2017ರಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅವಕ್ಕೆ ಗರಿಷ್ಠ ಬೆಲೆ ನಿಗದಿ ಮಾಡಿತು. ಹಾಗಾಗಿ ಕೇಸ್ ಶೀಟ್‌ಗೆ ಅಂಟಿಸಿದ ಸ್ಟಿಕ್ಕರ್‌ನ ಫೋಟೋ ತೆಗೆದಿಟ್ಟುಕೊಳ್ಳಿ.

ಆಸ್ಪತ್ರೆಯ ಕಡೆಗೂ ನ್ಯಾಯವಿರುವ ಸಂದರ್ಭಗಳಿವೆ. ಲ್ಯಾಪ್ರೊಸ್ಕೋಪಿ ಮಧ್ಯದಲ್ಲಿ ತೊಡಕಾಗಿ ಹೊಟ್ಟೆ ತೆರೆಯಬೇಕಾಯಿತು, ಐಸಿಯುಗೆ ಹಾಕಬೇಕಾಯಿತು ಎಂದರೆ ಪ್ಯಾಕೇಜ್ ಮುರಿಯುವುದು ಸಾಮಾನ್ಯ. ಆಗ ಪ್ರಶ್ನೆ ಬದಲಾಗುತ್ತದೆ: ಈ ಷರತ್ತು ಅಂದಾಜು ಪತ್ರದಲ್ಲಿತ್ತೇ, ಖರ್ಚು ಏರುವುದನ್ನು ಮನೆಯವರಿಗೆ ಯಾವಾಗ ತಿಳಿಸಿದರು?

ಪ್ರಶ್ನೆ ಕೇಳಲು ಸರಿಯಾದ ಸಮಯ ಡಿಸ್ಚಾರ್ಜ್‌ನ ಹಿಂದಿನ ಸಂಜೆ. ಮಧ್ಯಂತರ ಬಿಲ್ ಕೇಳಿ ಪಡೆಯಿರಿ. ಉಳಿದ ಔಷಧವನ್ನು ಆಗಲೇ ರಿಟರ್ನ್ ಮಾಡಿಸಿ. ಕೌಂಟರ್‌ನಲ್ಲಿ ಕೂತ ಹುಡುಗನಿಗೆ ಸಾಲು ಅಳಿಸುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ, ಅವನ ಮೇಲೆ ರೇಗಿ ಪ್ರಯೋಜನವಿಲ್ಲ. ಬಿಲ್ಲಿಂಗ್ ಮ್ಯಾನೇಜರ್‌ಗೆ ಇಮೇಲ್ ಮಾಡಿ, ಉದಾಹರಣೆಗೆ ಹೀಗೆ: "ರೂಮ್ 3 ದಿನ ಹಾಕಲಾಗಿದೆ. ಅಂದಾಜು ಪತ್ರದಂತೆ 2 ದಿನ ಪ್ಯಾಕೇಜ್‌ನಲ್ಲಿದೆ. 7,000 ರೂ. ಕಳೆಯಿರಿ ಅಥವಾ ಕಾರಣ ಬರೆದು ಕೊಡಿ." ಒಂದು ಸಾಲಿಗೆ ಒಂದು ಪ್ರಶ್ನೆ ಸಾಕು.

ಡ್ರಗ್ ಚಾರ್ಟ್ ತೋರಿಸಲು ಒಪ್ಪದಿದ್ದರೆ ಲಿಖಿತವಾಗಿ ಕೇಳಿ. ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳ ಪ್ರಕಾರ, ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು.

ಜಗಳ ಮುಗಿಯದೆ ರೋಗಿಯನ್ನು ಬಿಡುವುದಿಲ್ಲ ಎಂದರೆ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪತ್ರ, ಹಣದ ವಿವಾದಕ್ಕಾಗಿ ರೋಗಿಯನ್ನು ತಡೆದಿಡುವಂತಿಲ್ಲ ಎನ್ನುತ್ತದೆ. ರಾತ್ರಿ ಹೊತ್ತಿನಲ್ಲಿ ವಾದ ಬೇಡ ಎನಿಸಿದರೆ ಹಣ ಕಟ್ಟಿ, ಆದರೆ ಬಿಲ್ ಪ್ರತಿಯ ಮೇಲೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬರೆದು ಫೋಟೋ ತೆಗೆದು ಆಸ್ಪತ್ರೆಗೆ ಇಮೇಲ್ ಮಾಡಿಬಿಡಿ. ಕಟ್ಟಿದ ಮಾತ್ರಕ್ಕೆ ಒಪ್ಪಿದಂತಾಗುವುದಿಲ್ಲ ಎಂಬುದಕ್ಕೆ ಅದು ಪುರಾವೆ.

ಆಸ್ಪತ್ರೆ ಉತ್ತರ ಕೊಡದಿದ್ದರೆ, ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿಯಲ್ಲಿ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಬಿಲ್ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅಲ್ಲಿಗೆ ಹೋಗುವಾಗ ಬೇಕಾಗುವುದು ಅಂದಾಜು ಪತ್ರ, ವಿವರವಾದ ಬಿಲ್, ಡ್ರಗ್ ಚಾರ್ಟ್ ಪ್ರತಿ, ರಿಪೋರ್ಟ್‌ಗಳು ಮತ್ತು ನೀವು ಕಳಿಸಿದ ಇಮೇಲ್.