ವಿದ್ವತ್ ಗ್ರಂಥವಿಮರ್ಶೆ

ವಿದ್ವತ್ ಗ್ರಂಥವಿಮರ್ಶೆ ಎಂಬುದು ಒಂದು ಶಾಸ್ತ್ರಗ್ರಂಥವನ್ನು ಆ ಕ್ಷೇತ್ರವನ್ನು ಬಲ್ಲವರೊಬ್ಬರು ಪರಿಶೀಲಿಸಿ, ಅದರ ವಾದವೇನು, ಆ ವಾದಕ್ಕೆ ಗ್ರಂಥದಲ್ಲಿಯೇ ಎಷ್ಟರಮಟ್ಟಿಗೆ ಆಧಾರವಿದೆ ಎಂಬುದನ್ನು ತೀರ್ಮಾನಿಸಿ ಬರೆಯುವ ಲೇಖನ. ಇದು ಸಾಮಾನ್ಯವಾಗಿ ವಿಶ್ವವಿದ್ಯಾನಿಲಯಗಳ ಅಥವಾ ವಿದ್ವತ್ ಸಂಘಗಳ ನಿಯತಕಾಲಿಕಗಳಲ್ಲಿ ಪ್ರಕಟವಾಗುತ್ತದೆ. ಕನ್ನಡ ಪತ್ರಿಕೆಗಳ 'ಸಾದರ ಸ್ವೀಕಾರ' ಎಂಬ ಪಟ್ಟಿ ಪುಸ್ತಕ ಕೈಸೇರಿತೆಂಬುದನ್ನಷ್ಟೇ ತಿಳಿಸುತ್ತದೆ. ಪುಸ್ತಕ ಪರಿಚಯವು ಒಳಗೇನಿದೆ ಎಂಬುದನ್ನು ಹೇಳುತ್ತದೆ. ಮುನ್ನುಡಿಯು ಲೇಖಕರ ಪಕ್ಷದಲ್ಲಿ ನಿಂತು ಮಾತನಾಡುತ್ತದೆ. ವಿಮರ್ಶೆಗೆ ಈ ಮೂರಕ್ಕೂ ಇಲ್ಲದ ಒಂದು ಹೊಣೆಯುಂಟು. ತಾನು ನುಡಿದ ಪ್ರತಿಯೊಂದು ತೀರ್ಪಿಗೂ ಅದು ಗ್ರಂಥದ ಪುಟವನ್ನು ತೆರೆದು ತೋರಿಸಬೇಕು.

ಸಾಮಾನ್ಯ ರೂಪ

ವಿಮರ್ಶೆಯ ತಲೆಬರಹದಲ್ಲಿ ಗ್ರಂಥದ ಹೆಸರು, ಲೇಖಕರು, ಪ್ರಕಾಶಕರು, ಪ್ರಕಟವಾದ ಸ್ಥಳ, ವರ್ಷ ಮತ್ತು ಪುಟಸಂಖ್ಯೆ ಇರುತ್ತವೆ. ಅನೇಕ ಪತ್ರಿಕೆಗಳು ಬೆಲೆಯನ್ನೂ ಕೊಡುತ್ತವೆ. ವಿಮರ್ಶಕರ ಹೆಸರು ಕೊನೆಯಲ್ಲಿ ಬರುವುದು ವಾಡಿಕೆ. ತಲೆಬರಹದಲ್ಲಿ ಗ್ರಂಥದ ಗುರುತು ಪೂರ್ಣವಾಗಿರುವುದರಿಂದ ಒಳಗೆ ಅದರ ಹೆಸರನ್ನು ಮತ್ತೆ ಮತ್ತೆ ಹೇಳದೆ, ಉಲ್ಲೇಖದ ಮುಂದೆ ಆವರಣದಲ್ಲಿ ಪುಟದ ಅಂಕಿಯನ್ನು ಮಾತ್ರ ಬರೆಯುತ್ತಾರೆ. ಮೇಲ್ನೋಟಕ್ಕೆ ಸಣ್ಣದೆನಿಸಿದರೂ ವಿಮರ್ಶೆಯ ಪ್ರಾಮಾಣಿಕತೆ ನಿಂತಿರುವುದು ಈ ಅಂಕಿಯ ಮೇಲೆಯೇ. ಓದುಗನು ಆ ಪುಟವನ್ನು ತೆರೆದು ವಿಮರ್ಶಕನನ್ನೇ ಪರೀಕ್ಷಿಸಬಹುದು.

ಲೇಖಕರ ವಾದವನ್ನು ಅವರು ಒಪ್ಪಿಕೊಳ್ಳುವಂತಹ ಮಾತುಗಳಲ್ಲಿ ಮೊದಲು ನಿರೂಪಿಸಿ, ಅನಂತರವೇ ಬೆಲೆಗಟ್ಟಬೇಕೆಂಬುದು ಇನ್ನೊಂದು ಸಂಪ್ರದಾಯ. ಅಚ್ಚಿನ ತಪ್ಪುಗಳಿಗೆ ಕೊನೆಯಲ್ಲಿ ಒಂದೆರಡು ವಾಕ್ಯಗಳು ಸಾಕು. ಅವುಗಳಿಂದಲೇ ಪುಟ ತುಂಬಿಸಿದ ವಿಮರ್ಶೆಯು ಗ್ರಂಥದ ವಾದವನ್ನು ಮುಟ್ಟಿಯೇ ಇಲ್ಲವೆಂದು ಧಾರಾಳವಾಗಿ ಊಹಿಸಬಹುದು.

ಆಧಾರ ಸಹಿತ ಮೌಲ್ಯಮಾಪನ: ಒಂದು ಪ್ರಸಿದ್ಧ ಉದಾಹರಣೆ

ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ 'ವರ್ಬಲ್ ಬಿಹೇವಿಯರ್' ಎಂಬ ಗ್ರಂಥವು 1957ರಲ್ಲಿ ಪ್ರಕಟವಾಯಿತು. ಮನುಷ್ಯನ ಮಾತನ್ನೂ ಪ್ರಚೋದನೆ, ಪ್ರತಿಕ್ರಿಯೆ ಮತ್ತು ಪುನರ್ಬಲನ ಎಂಬ ಪರಿಕಲ್ಪನೆಗಳಿಂದ ವಿವರಿಸಬಹುದೆಂಬುದು ಅದರ ವಾದ. ಈ ಪರಿಕಲ್ಪನೆಗಳು ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ವರ್ತನೆಯನ್ನು ಅಳೆಯುತ್ತ ರೂಪುಗೊಂಡಿದ್ದವು. ಅಮೆರಿಕದ ಭಾಷಾವಿಜ್ಞಾನ ಸಂಘದ 'ಲ್ಯಾಂಗ್ವೇಜ್' ಪತ್ರಿಕೆಯ 1959ರ ಸಂಪುಟದಲ್ಲಿ ನೋಮ್ ಚಾಮ್ಸ್ಕಿ ಇದನ್ನು ವಿಮರ್ಶಿಸಿದರು. ಆ ವಿಮರ್ಶೆ 26ನೆಯ ಪುಟದಿಂದ 58ನೆಯ ಪುಟದವರೆಗೆ ಹಬ್ಬಿದೆ. ಒಂದೆರಡು ಪುಟಗಳಲ್ಲಿ ಮುಗಿಯುವ ಸಾಮಾನ್ಯ ವಿಮರ್ಶೆಗೆ ಹೋಲಿಸಿದರೆ ಇದು ಅಸಾಧಾರಣ ದೀರ್ಘ. ಆದರೆ ಆಧಾರವನ್ನು ಬಳಸಿದ ಕ್ರಮವನ್ನು ಇದರಲ್ಲಿ ಸ್ಪಷ್ಟವಾಗಿ ಕಾಣಬಹುದು.

ಪರಿಭಾಷೆ ಅಸ್ಪಷ್ಟವಾಗಿದೆ ಎಂದು ಹೇಳಿ ಚಾಮ್ಸ್ಕಿ ಮುಂದೆ ಸಾಗಲಿಲ್ಲ. ಸ್ಕಿನ್ನರರ 1938ರ ಗ್ರಂಥವಾದ 'ದಿ ಬಿಹೇವಿಯರ್ ಆಫ್ ಆರ್ಗನಿಸಮ್ಸ್' ಆ ಪದಗಳಿಗೆ ಯಾವ ಅರ್ಥವನ್ನು ಕೊಟ್ಟಿತ್ತು ಎಂಬುದನ್ನು ಮೊದಲು ನಿರೂಪಿಸಿದರು. ಪಂಜರದಲ್ಲಿ ಸನ್ನೆಯನ್ನು ಒತ್ತುವ ಇಲಿಯ ವಿಷಯದಲ್ಲಿ ಪ್ರಚೋದನೆಯೂ ಪುನರ್ಬಲನವೂ ನಿಷ್ಕೃಷ್ಟವಾಗಿವೆ ಎಂದು ಒಪ್ಪಿಕೊಂಡರು. ಹೀಗೆ ಅಳತೆಗೋಲನ್ನು ಲೇಖಕರಿಂದಲೇ ಪಡೆದುಕೊಂಡದ್ದರಿಂದ, ಮುಂದಿನ ಆಕ್ಷೇಪವನ್ನು ಹೊರಗಿನ ಬೇರೊಂದು ಸಿದ್ಧಾಂತದ ಹೇರಿಕೆಯೆಂದು ತಳ್ಳಿಹಾಕುವುದು ಕಷ್ಟವಾಯಿತು.

ಎರಡನೆಯ ಹೆಜ್ಜೆ, ಆ ಅಳತೆಗೋಲಿನಿಂದ ಹೊಸ ಗ್ರಂಥದ ಉದಾಹರಣೆಗಳನ್ನೇ ಅಳೆಯುವುದು. ಚಿತ್ರವೊಂದನ್ನು ಕಂಡವನು 'ಡಚ್' ಎನ್ನುವುದನ್ನು ಆ ಚಿತ್ರದ ಯಾವುದೋ ಸೂಕ್ಷ್ಮ ಗುಣದ ಹಿಡಿತದಲ್ಲಿರುವ ಪ್ರತಿಕ್ರಿಯೆಯೆಂದು ಗ್ರಂಥದ 108ನೆಯ ಪುಟ ವಿವರಿಸುತ್ತದೆ. ನೋಡುಗನು ಹಾಗೆನ್ನದೆ, ಚಿತ್ರ ಓರೆಯಾಗಿ ತೂಗುತ್ತಿದೆಯೆಂದೋ, ಗೋಡೆಯ ಕಾಗದಕ್ಕೆ ಹೊಂದುವುದಿಲ್ಲವೆಂದೋ, ಕಳೆದ ಬೇಸಿಗೆಯ ಪ್ರವಾಸ ನೆನಪಿದೆಯೇ ಎಂದೋ ಹೇಳಬಹುದಿತ್ತಲ್ಲ ಎಂಬುದು ಚಾಮ್ಸ್ಕಿಯ ಪ್ರಶ್ನೆ. ಆಗ ಪ್ರತಿಯೊಂದು ಮಾತಿಗೂ ಪ್ರತ್ಯೇಕವಾದ ಗುಣವೊಂದು ಪ್ರಚೋದನೆಯಾಗಿತ್ತೆಂದು ಹೇಳಬೇಕಾಗುತ್ತದೆ; ಆ ಗುಣ ಯಾವುದೆಂಬುದು ಮಾತನ್ನು ಕೇಳಿದ ಮೇಲೆಯೇ ಗೊತ್ತಾಗುತ್ತದೆ. ಪ್ರಚೋದನೆಯಿಂದ ಮಾತನ್ನು ಮುಂಗಾಣುವ ಬದಲು ಮಾತಿನಿಂದ ಪ್ರಚೋದನೆಯನ್ನು ಊಹಿಸಿದಂತಾಯಿತು. ಅಂಕಿತನಾಮವು ನಿರ್ದಿಷ್ಟ ವ್ಯಕ್ತಿ ಅಥವಾ ವಸ್ತುವಿನ ಹಿಡಿತದಲ್ಲಿರುವ ಪ್ರತಿಕ್ರಿಯೆ ಎಂಬ 113ನೆಯ ಪುಟದ ಹೇಳಿಕೆಗೆ ಅವರ ಉತ್ತರ ಇನ್ನೂ ಚಿಕ್ಕದು: ಐಸೆನ್‌ಹೋವರ್, ಮಾಸ್ಕೋ ಎಂಬ ಹೆಸರುಗಳನ್ನು ತಾನು ಅನೇಕ ಸಲ ಬಳಸಿದ್ದುಂಟು, ಆದರೆ ಆ ವ್ಯಕ್ತಿಯಾಗಲಿ ನಗರವಾಗಲಿ ತನ್ನನ್ನು ಎಂದೂ ಪ್ರಚೋದಿಸಿಲ್ಲ.

ಪುನರ್ಬಲನದ ವಿಷಯದಲ್ಲಿ ಆಧಾರದ ಬಗೆ ಬೇರೆ. ಒಂದೇ ಪದವನ್ನು ಗ್ರಂಥವು ಬಳಸಿದ ಅನೇಕ ಸ್ಥಳಗಳನ್ನು ಚಾಮ್ಸ್ಕಿ ಸಾಲಾಗಿ ಜೋಡಿಸುತ್ತಾರೆ. ತನ್ನೊಡನೆ ತಾನೇ ಮಾತನಾಡಿಕೊಳ್ಳುವವನು, ವಿಮಾನದ ಸದ್ದನ್ನು ಅನುಕರಿಸುವ ಮಗು, ತನ್ನ ಕಾಲದ ನಂತರ ಓದುಗರನ್ನು ಪಡೆಯುವ ಲೇಖಕ, ಇವರೆಲ್ಲರಿಗೂ ಅಲ್ಲಿ ಪುನರ್ಬಲನ ದೊರೆಯುತ್ತದೆ. ಪ್ರಯೋಗಶಾಲೆಯಲ್ಲಿ ಅದೇ ಪದ ಇಲಿಗೆ ದೊರೆತ ಕಾಳಿನ ಹೆಸರಾಗಿತ್ತು. ಒಂದು ಅಪವಾದವನ್ನು ಎತ್ತಿ ತೋರಿಸಿದ್ದರೆ ಲೇಖಕರು ಬರೆಯುವಾಗ ಎಡವಿದರೆಂದು ಬಿಟ್ಟುಬಿಡಬಹುದಿತ್ತು. ಸಾಲು ಉದಾಹರಣೆಗಳು ಪದದ ಬಳಕೆಯೇ ಸಡಿಲವೆಂಬುದನ್ನು ಸೂಚಿಸುತ್ತವೆ. ಚಾಮ್ಸ್ಕಿಯ ತೀರ್ಪು ಇಷ್ಟಾದ ಮೇಲೆ ಬರುತ್ತದೆ: ಪದಗಳನ್ನು ವಾಚ್ಯಾರ್ಥದಲ್ಲಿ ತೆಗೆದುಕೊಂಡರೆ ಅವು ಮಾತಿನ ಬಹುಭಾಗಕ್ಕೆ ಅನ್ವಯಿಸುವುದಿಲ್ಲ, ರೂಪಕವಾಗಿ ತೆಗೆದುಕೊಂಡರೆ ಅವು ಹಳೆಯ ವಿವರಣೆಗಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ಉಲ್ಲೇಖದ ದೋಷಗಳು

ಪುಟದ ಅಂಕಿ ಇದ್ದಮಾತ್ರಕ್ಕೆ ಆಧಾರವು ನ್ಯಾಯವಾದದ್ದೆನ್ನಲಾಗದು. ವಾಕ್ಯದ ಮುಂದಿನ 'ಆದರೆ' ಎಂಬ ಭಾಗವನ್ನು ಕೈಬಿಟ್ಟು ಉಲ್ಲೇಖಿಸುವುದು, ಲೇಖಕರು ಖಂಡಿಸಲೆಂದು ಎತ್ತಿಕೊಂಡ ಪೂರ್ವಪಕ್ಷವನ್ನೇ ಅವರ ಮತವೆಂದು ತೋರಿಸುವುದು, ಅವರ ಗುಂಪಿಗೆ ಸೇರಿದವರ ಅಭಿಪ್ರಾಯವನ್ನು ಅವರಿಗೇ ಅಂಟಿಸುವುದು, ಇವು ವಿಮರ್ಶೆಯಲ್ಲಿ ಪದೇ ಪದೇ ಕಾಣುವ ದೋಷಗಳು. ಪೂರ್ವಪಕ್ಷವನ್ನು ವಿಸ್ತಾರವಾಗಿ ನಿರೂಪಿಸುವ ನಮ್ಮ ಶಾಸ್ತ್ರಗ್ರಂಥಗಳನ್ನು ಓದುವಾಗ ಎರಡನೆಯ ದೋಷದ ಬಗ್ಗೆ ವಿಶೇಷ ಎಚ್ಚರ ಬೇಕು. ಉಲ್ಲೇಖಿತ ವಾಕ್ಯದ ಹಿಂದಿನ ಮತ್ತು ಮುಂದಿನ ಕಂಡಿಕೆಗಳನ್ನು ಮೂಲದಲ್ಲಿ ಓದಿದರೆ ಇವುಗಳಲ್ಲಿ ಹೆಚ್ಚಿನವು ಬಯಲಾಗುತ್ತವೆ.

ಚಾಮ್ಸ್ಕಿಯ ವಿಮರ್ಶೆಯೂ ಈ ಪರೀಕ್ಷೆಗೆ ಒಳಗಾಗಿದೆ. ಕೆನೆತ್ ಮ್ಯಾಕ್‌ಕಾರ್ಕೊಡೇಲ್ 1970ರಲ್ಲಿ 'ಜರ್ನಲ್ ಆಫ್ ದಿ ಎಕ್ಸ್‌ಪೆರಿಮೆಂಟಲ್ ಅನಾಲಿಸಿಸ್ ಆಫ್ ಬಿಹೇವಿಯರ್' ಪತ್ರಿಕೆಯಲ್ಲಿ ಅದಕ್ಕೆ ವಿವರವಾದ ಉತ್ತರವನ್ನು ಬರೆದರು. ಹಸಿವು, ಬಾಯಾರಿಕೆಗಳಂತಹ ಒತ್ತಡ ತಗ್ಗುವುದರಿಂದಲೇ ಕಲಿಕೆಯಾಗುತ್ತದೆ ಎಂಬ ಸಿದ್ಧಾಂತವನ್ನು ಚಾಮ್ಸ್ಕಿ ದೀರ್ಘವಾಗಿ ಖಂಡಿಸಿದ್ದಾರೆ, ಆದರೆ ಅದು ಸ್ಕಿನ್ನರರ ಸಿದ್ಧಾಂತವೇ ಅಲ್ಲ ಎಂಬುದು ಅವರ ಮುಖ್ಯ ಆಕ್ಷೇಪಗಳಲ್ಲೊಂದು. ಇದು ಮೇಲೆ ಹೇಳಿದ ಮೂರನೆಯ ದೋಷದ ಆರೋಪ. 'ಡಚ್' ಮೊದಲಾದ ಉದಾಹರಣೆಗಳ ವಾದಕ್ಕೆ ಇದರಿಂದ ನೇರವಾಗಿ ಹಾನಿಯಾಗುವುದಿಲ್ಲ; ಅಲ್ಲಿ ಆಧಾರವಾಗಿರುವುದು ಸ್ಕಿನ್ನರರ ಗ್ರಂಥವೇ. ಒಂದೇ ವಿಮರ್ಶೆಯೊಳಗೆ ಒಂದು ಭಾಗ ಗಟ್ಟಿಯಾಗಿಯೂ ಇನ್ನೊಂದು ಭಾಗ ದುರ್ಬಲವಾಗಿಯೂ ಇರಬಹುದಾದ್ದರಿಂದ ಅದನ್ನು ಇಡಿಯಾಗಿ ಒಪ್ಪುವುದು ಅಥವಾ ತಳ್ಳುವುದು ಸರಿಯಲ್ಲ.

ಈ ವಿಮರ್ಶೆಯು 1967ರಲ್ಲಿ ಒಂದು ಸಂಕಲನದಲ್ಲಿ ಮರುಮುದ್ರಣವಾದಾಗ ಚಾಮ್ಸ್ಕಿ ಅದಕ್ಕೊಂದು ಮುನ್ನುಡಿಯನ್ನು ಸೇರಿಸಿದರು. ತಮ್ಮ ಗುರಿ ಸ್ಕಿನ್ನರರ ಊಹೆಗಳಷ್ಟೇ ಆಗಿರಲಿಲ್ಲ, ಉನ್ನತ ಮಾನಸಿಕ ಕ್ರಿಯೆಗಳನ್ನು ಕುರಿತ ವರ್ತನವಾದಿ ನಿಲುವೇ ಆಗಿತ್ತು ಎಂದು ಅಲ್ಲಿ ತಿಳಿಸಿದ್ದಾರೆ. ಒಂದು ಗ್ರಂಥದ ವಿಮರ್ಶೆಯು ಇಡೀ ಪಂಥದ ವಿಮರ್ಶೆಯಾಗಬಹುದೇ ಎಂಬ ಪ್ರಶ್ನೆ ಆ ಮುನ್ನುಡಿಯಿಂದ ಹುಟ್ಟುತ್ತದೆ. ಗ್ರಂಥದ ದೋಷಕ್ಕೆ ಗ್ರಂಥದ ಪುಟಗಳು ಸಾಕು. ಪಂಥದ ದೋಷವನ್ನು ಸ್ಥಾಪಿಸಲು ಆ ಪಂಥದ ಇತರ ಗ್ರಂಥಗಳನ್ನೂ ಅಷ್ಟೇ ನಿಷ್ಠೆಯಿಂದ ತೆರೆಯಬೇಕಾಗುತ್ತದೆ.